ನೀರಿಗೆ ಬಿಟ್ಟ ಮೊಟ್ಟೆ ಹೇಳುವುದೆಷ್ಟು?

ಬೀದಿ ತುದಿಯ ಅಂಗಡಿಯಲ್ಲಿ ಮೂವತ್ತು ಮೊಟ್ಟೆಯ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರೆ. ಇವತ್ತಿನ ದರ ಎಷ್ಟು ಎಂದರೆ ಅಂಗಡಿಯವರು ಪೈಸೆ ಲೆಕ್ಕದಲ್ಲಿ ಹೇಳುತ್ತಾರೆ. ಬೆಂಗಳೂರಿಗೆ ಇಷ್ಟು, ಮೈಸೂರಿಗೆ ಇಷ್ಟು, ಹೊಸಪೇಟೆಗೆ ಇಷ್ಟು ಎಂದು ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ದಿನವೂ ದರ ಹೊರಡಿಸುತ್ತದೆ. ಆದರೆ ಈ ಮೊಟ್ಟೆ ಕೋಳಿ ಇಟ್ಟದ್ದು ಯಾವತ್ತು ಎಂದು ಕೇಳಿ ನೋಡಿ. ‘ಫ್ರೆಶ್ ಸಾರ್, ಬೆಳಿಗ್ಗೆ ತಾನೆ ಲೋಡ್ ಬಂತು’ ಎಂಬ ಉತ್ತರ ಬರುತ್ತದೆ. ಲೋಡು ಬೆಳಿಗ್ಗೆ ಬಂದದ್ದು ನಿಜವೇ ಇರಬಹುದು. ಫಾರಂನಲ್ಲಿ ಎಷ್ಟು ದಿನ ಇತ್ತು, ದರ ಏರಲಿ ಎಂದು ಸಗಟು ವ್ಯಾಪಾರಿಯ ಗೋದಾಮಿನಲ್ಲಿ ಎಷ್ಟು ದಿನ ಕಾಯಿತು ಎಂಬುದು ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಡಬ್ಬಿಯಲ್ಲಿ ಬರುವ ಮೊಟ್ಟೆಗೆ ದಿನಾಂಕ ಇರುತ್ತದೆ, ಬಿಡಿಯಾಗಿ ಕೊಳ್ಳುವ ಮೊಟ್ಟೆಗೆ ಸಾಮಾನ್ಯವಾಗಿ ಇರುವುದಿಲ್ಲ.

ಹಾಗಾಗಿ ಮನೆಯಲ್ಲಿ ನಮಗೆ ಉಳಿದಿರುವ ಹಳೆಯ ಉಪಾಯ ಒಂದೇ, ಪಾತ್ರೆಯಲ್ಲಿ ನೀರು ತುಂಬಿ ಮೊಟ್ಟೆಯನ್ನು ಬಿಟ್ಟು ನೋಡುವುದು. ಮುಳುಗಿದರೆ ಒಳ್ಳೆಯದು, ತೇಲಿದರೆ ಕೆಟ್ಟದ್ದು. ಅಜ್ಜಿಯರಿಂದ ಹಿಡಿದು ಮೊಬೈಲ್ ವೀಡಿಯೊಗಳವರೆಗೆ ಎಲ್ಲರೂ ಹೇಳುವುದು ಇದನ್ನೇ. ಪರೀಕ್ಷೆ ಸುಳ್ಳಲ್ಲ. ಆದರೆ ಅದು ಉತ್ತರಿಸುವ ಪ್ರಶ್ನೆ ಬೇರೆ, ನಾವು ಕೇಳುವ ಪ್ರಶ್ನೆ ಬೇರೆ. ಮೊಟ್ಟೆ ಕೆಟ್ಟಿದೆಯೇ ಎಂದು ನಾವು ಕೇಳುತ್ತೇವೆ. ಮೊಟ್ಟೆಯಿಂದ ಎಷ್ಟು ನೀರು ಆರಿ ಹೋಗಿದೆ ಎಂದು ಅದು ಹೇಳುತ್ತದೆ.

ಮೊದಲು ಮಾಡುವ ಕ್ರಮ. ಮೊಟ್ಟೆಯ ಉದ್ದದ ಎರಡು ಪಟ್ಟಾದರೂ ಆಳವಿರುವ ಪಾತ್ರೆ ಬೇಕು. ಗಾಜಿನ ಜಾಡಿಯಾದರೆ ಪಕ್ಕದಿಂದ ನೋಡಬಹುದು, ಇಲ್ಲವಾದರೆ ಅಡುಗೆಮನೆಯ ಯಾವ ಪಾತ್ರೆಯೂ ಆದೀತು. ನಲ್ಲಿಯ ಸಾದಾ ನೀರನ್ನೇ ತುಂಬಿ, ಉಪ್ಪು ಬೆರೆಸಬೇಡಿ. ಮೊದಲು ಚಿಪ್ಪನ್ನು ಬೆಳಕಿನಲ್ಲಿ ತಿರುಗಿಸಿ ನೋಡಿ, ಬಿರುಕು ಬಿಟ್ಟಿದ್ದನ್ನು ಪಕ್ಕಕ್ಕಿಡಿ. ಬಿರುಕಿನೊಳಗೆ ನೀರು ಹೊಕ್ಕರೆ ಪರೀಕ್ಷೆಯೂ ಕೆಡುತ್ತದೆ, ಮೊಟ್ಟೆಯೂ ಕೆಡುತ್ತದೆ. ಉಳಿದವನ್ನು ಒಂದೊಂದಾಗಿ ಸೌಟಿನಲ್ಲಿಟ್ಟು ಮೆಲ್ಲಗೆ ಇಳಿಸಿ. ಮೇಲಿನಿಂದ ಬಿಟ್ಟರೆ ತಳಕ್ಕೆ ಬಡಿದು ಒಡೆಯುತ್ತದೆ. ಚಿಪ್ಪಿಗೆ ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಬೆರಳಿನಿಂದ ತಟ್ಟಿ ಬಿಡಿಸಿ, ಅಲುಗಾಟ ನಿಂತ ಮೇಲೆ ನೋಡಿ.

ಹೊಸ ಮೊಟ್ಟೆ ತಳದಲ್ಲಿ ಅಡ್ಡಡ್ಡ ಮಲಗುತ್ತದೆ. ಸ್ವಲ್ಪ ಹಳೆಯದಾದರೆ ಮಲಗಿದ್ದಲ್ಲಿಯೇ ದಪ್ಪ ತುದಿಯನ್ನು ಮೇಲಕ್ಕೆತ್ತುತ್ತದೆ. ಇನ್ನೂ ಹಳೆಯದು ಚೂಪು ತುದಿಯನ್ನು ತಳಕ್ಕೆ ಊರಿ ನೆಟ್ಟಗೆ ನಿಲ್ಲುತ್ತದೆ. ಕೊನೆಯ ಹಂತದ್ದು ತಳ ಬಿಟ್ಟು ತೇಲುತ್ತದೆ. ನೋಡಬೇಕಾದದ್ದು ಮುಳುಗಿತೇ ತೇಲಿತೇ ಎಂಬುದನ್ನಷ್ಟೇ ಅಲ್ಲ. ಮುಳುಗಿದ ಮೊಟ್ಟೆ ಎಷ್ಟು ಓರೆಯಾಗಿದೆ ಎಂಬುದರಲ್ಲಿ ಹೆಚ್ಚು ಸುದ್ದಿ ಇದೆ.

ಈ ಭಂಗಿಗಳಿಗೆ ಕಾರಣ ಚಿಪ್ಪಿನಲ್ಲಿದೆ. ಚಿಪ್ಪು ನಮ್ಮ ಕಣ್ಣಿಗೆ ಗಟ್ಟಿ ಗೋಡೆಯಂತೆ ಕಂಡರೂ ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳಿವೆ, ಒಂದು ಮೊಟ್ಟೆಗೆ ಸಾವಿರಾರು. ಒಳಗೆ ಮರಿ ಬೆಳೆಯಬೇಕಾದರೆ ಅದು ಉಸಿರಾಡಬೇಕಲ್ಲ, ಅದಕ್ಕಾಗಿ ಇರುವ ದಾರಿ ಇದು. ಮರಿಯಾಗದ, ನಾವು ತಿನ್ನುವ ಫಾರಂ ಮೊಟ್ಟೆಯಲ್ಲೂ ಆ ದಾರಿ ಹಾಗೆಯೇ ತೆರೆದಿರುತ್ತದೆ. ಚಿಪ್ಪಿನ ಒಳಗೆ ಒಂದಕ್ಕೊಂದು ಅಂಟಿದ ಎರಡು ಪೊರೆಗಳಿವೆ. ಕೋಳಿಯ ಮೈಯಿಂದ ಹೊರಬೀಳುವಾಗ ಮೊಟ್ಟೆ ಅದರ ಮೈಯಷ್ಟೇ ಬಿಸಿ, ಅಂದರೆ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ತಣ್ಣಗಾಗುತ್ತ ಒಳಗಿನ ದ್ರವ ಕುಗ್ಗುತ್ತದೆ, ಆದರೆ ಚಿಪ್ಪು ಕುಗ್ಗುವುದಿಲ್ಲ. ಆಗ ದಪ್ಪ ತುದಿಯಲ್ಲಿ ಎರಡು ಪೊರೆಗಳು ಬೇರ್ಪಟ್ಟು, ನಡುವೆ ಹೊರಗಿನ ಗಾಳಿ ಬಂದು ಕೂರುತ್ತದೆ. ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿದಾಗ ಒಂದು ತುದಿ ಚಪ್ಪಟೆಯಾಗಿರುವುದು ಈ ಗಾಳಿಕೋಶದಿಂದಲೇ. ದಿನ ಕಳೆದಂತೆ ರಂಧ್ರಗಳ ಮೂಲಕ ಒಳಗಿನ ನೀರು ಆವಿಯಾಗಿ ಹೋಗುತ್ತದೆ, ಹೋದಷ್ಟು ಜಾಗವನ್ನು ಗಾಳಿ ತುಂಬುತ್ತದೆ, ಕೋಶ ಹಿಗ್ಗುತ್ತದೆ. ಗಾಳಿ ಇರುವ ದಪ್ಪ ತುದಿ ಹಗುರವಾಗಿ ಮೇಲೇಳುತ್ತದೆ, ಭಾರವೆಲ್ಲ ಚೂಪು ತುದಿಯ ಕಡೆ ಸರಿಯುತ್ತದೆ. ಮಲಗಿದ್ದ ಮೊಟ್ಟೆ ಎದ್ದು ನಿಲ್ಲುವುದು ಹೀಗೆ.

ತೇಲುವ ಲೆಕ್ಕವನ್ನೂ ಒಂದು ಮೊಟ್ಟೆ ಹಿಡಿದು ಮಾಡಿಬಿಡೋಣ. ಆಗ ತಾನೆ ಇಟ್ಟ ಮೊಟ್ಟೆಯ ಸಾಂದ್ರತೆ ನೀರಿನ ಸುಮಾರು 1.085 ಪಟ್ಟು. ಅಂದರೆ 55 ಗ್ರಾಂ ತೂಕದ ಮೊಟ್ಟೆ 50.7 ಮಿಲಿಲೀಟರ್ ಜಾಗ ಹಿಡಿಯುತ್ತದೆ. ಚಿಪ್ಪು ಗಟ್ಟಿಯಾದ್ದರಿಂದ ಈ ಜಾಗ ಎಂದೂ ಬದಲಾಗುವುದಿಲ್ಲ, ತೂಕ ಮಾತ್ರ ಇಳಿಯುತ್ತ ಹೋಗುತ್ತದೆ. ತೂಕ 50.7 ಗ್ರಾಂಗಿಂತ ಕೆಳಗಿಳಿದ ಕೂಡಲೇ ಮೊಟ್ಟೆ ತೇಲುತ್ತದೆ. ಕಳೆದುಕೊಳ್ಳಬೇಕಾದ್ದು ಬರೀ 4.3 ಗ್ರಾಂ ನೀರು, ಒಂದು ಟೀ ಚಮಚವೂ ತುಂಬದಷ್ಟು. ಮೂಲ ತೂಕದ ಶೇಕಡಾ 8.

ಇಲ್ಲೊಂದು ತಪ್ಪು ವಿವರಣೆ ಬಹಳ ಚಾಲ್ತಿಯಲ್ಲಿದೆ. ಮೊಟ್ಟೆ ಕೊಳೆತಾಗ ಒಳಗೆ ಗ್ಯಾಸ್ ಹುಟ್ಟುತ್ತದೆ, ಅದರಿಂದ ತೇಲುತ್ತದೆ ಎನ್ನುತ್ತಾರೆ. ಕೇಳಲು ಸರಿ ಎನಿಸುತ್ತದೆ, ಆದರೆ ಲೆಕ್ಕ ಕೂಡುವುದಿಲ್ಲ. ಒಳಗಿದ್ದ ವಸ್ತುವೇ ಗ್ಯಾಸ್ ಆಗಿ ಒಳಗೇ ಉಳಿದರೆ ಮೊಟ್ಟೆಯ ತೂಕ ಒಂದು ಕೂದಲೆಳೆಯಷ್ಟೂ ಇಳಿಯುವುದಿಲ್ಲ. ಜಾಗವೂ ಅಷ್ಟೇ, ತೂಕವೂ ಅಷ್ಟೇ ಎಂದ ಮೇಲೆ ತೇಲುವುದೆಲ್ಲಿಂದ? ತೇಲಬೇಕಾದರೆ ಏನಾದರೂ ಚಿಪ್ಪು ದಾಟಿ ಹೊರಗೆ ಹೋಗಲೇಬೇಕು. ಹಾಗೆ ಹೋಗುವುದರಲ್ಲಿ ಬಹುಪಾಲು ಬರೀ ನೀರಾವಿ. ಕೊಳೆತ ಮೊಟ್ಟೆಯಿಂದ ಗ್ಯಾಸ್ ಸೋರಿಹೋದರೆ ಒಂದಿಷ್ಟು ತೂಕ ಇಳಿಯುವುದುಂಟು, ಆದರೆ ಕೊಳೆಯದೆ ಬರೀ ಆರಿದ ಮೊಟ್ಟೆಯೂ ಅಷ್ಟೇ ಚೆನ್ನಾಗಿ ತೇಲುತ್ತದೆ.

ನೀರು ಎಷ್ಟು ಬೇಗ ಆರುತ್ತದೆ ಎಂಬುದು ಮೊಟ್ಟೆ ಇಟ್ಟಿರುವ ಊರಿನ ಗಾಳಿಗೆ ಬಿಟ್ಟದ್ದು. ತೇಲುವ ಪರೀಕ್ಷೆಯ ಕಷ್ಟವೆಲ್ಲ ಇರುವುದು ಇಲ್ಲಿ. ಮರಿ ಮಾಡಿಸುವ ಹ್ಯಾಚರಿಯವರ ಲೆಕ್ಕವೊಂದು ನಮಗೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅವರ ಯಂತ್ರದಲ್ಲಿ ಉಷ್ಣತೆ 37.5 ಡಿಗ್ರಿ, ಗಾಳಿಯ ತೇವಾಂಶ ಶೇಕಡಾ 55ರಿಂದ 60. ಆ ಸ್ಥಿತಿಯಲ್ಲಿ ಮೊದಲ 18 ದಿನದಲ್ಲಿ ಮೊಟ್ಟೆಯ ತೂಕ ಶೇಕಡಾ 12ರಷ್ಟು ಇಳಿಯಬೇಕು ಎಂದು ಅವರು ಬಯಸುತ್ತಾರೆ. ಇಳಿಯದಿದ್ದರೆ ಮರಿಗೆ ಚಿಪ್ಪೊಡೆಯುವ ಮೊದಲು ಉಸಿರಾಡಲು ಬೇಕಾದಷ್ಟು ಗಾಳಿಕೋಶ ಸಿಗುವುದಿಲ್ಲ. ಇದರಿಂದ ಮೊಟ್ಟೆ ಎಂಥ ಗಾಳಿಯಲ್ಲಿ ಎಷ್ಟು ಆರುತ್ತದೆ ಎಂಬ ಅಂದಾಜು ಸಿಗುತ್ತದೆ. ಬಿಸಿಯಾದ ಒಣ ಗಾಳಿ ಹೆಚ್ಚು ಎಳೆದುಕೊಳ್ಳುತ್ತದೆ, ತಂಪು ಗಾಳಿ ಮತ್ತು ತೇವದ ಗಾಳಿ ಕಡಿಮೆ.

ಈಗ ರಾಯಚೂರಿನ ಏಪ್ರಿಲ್ ತಿಂಗಳಿಗೆ ಬನ್ನಿ. ಮನೆಯೊಳಗೆ 35 ಡಿಗ್ರಿ, ತೇವಾಂಶ ಶೇಕಡಾ 30 ಎಂದಿಟ್ಟುಕೊಳ್ಳಿ. ಅಲ್ಲಿ ಹೊರಗಿಟ್ಟ ಮೊಟ್ಟೆ ದಿನಕ್ಕೆ ಹತ್ತಿರ ಹತ್ತಿರ ಶೇಕಡಾ 1ರಷ್ಟು ತೂಕ ಕಳೆದುಕೊಳ್ಳುತ್ತದೆ. ಎಂಟೊಂಬತ್ತು ದಿನಕ್ಕೆ ತೇಲಿಬಿಡುತ್ತದೆ. ಅದೇ ಮೊಟ್ಟೆಯನ್ನು ಜುಲೈ ತಿಂಗಳ ಮಂಗಳೂರಿನಲ್ಲಿ ಇಡಿ. ಉಷ್ಣತೆ 26–27 ಡಿಗ್ರಿ, ಮಳೆಯ ಗಾಳಿಯಲ್ಲಿ ತೇವಾಂಶ ಶೇಕಡಾ 90ರ ಹತ್ತಿರ. ಅಲ್ಲಿ ನೀರು ಆರುವ ವೇಗ ರಾಯಚೂರಿನ ಹತ್ತನೇ ಒಂದು ಪಾಲು. ಲೆಕ್ಕದ ಪ್ರಕಾರ ಅದು ತೇಲಲು ಸುಮಾರು ಮೂರು ತಿಂಗಳು ಬೇಕು. ಅಷ್ಟು ದಿನ ಆ ಸೆಖೆಯಲ್ಲಿ ಮೊಟ್ಟೆ ಸರಿ ಉಳಿಯುವುದಿಲ್ಲ. ಚಿಪ್ಪಿನ ಮೇಲೆ ಬೂಷ್ಟು ಬರುತ್ತದೆ, ತೇವದ ಜೊತೆ ಬ್ಯಾಕ್ಟೀರಿಯಾ ರಂಧ್ರಗಳಲ್ಲಿ ಇಳಿಯುತ್ತದೆ. ಕೊಳೆತು ನಾರುವ ಮೊಟ್ಟೆಯೂ ನೀರಿನಲ್ಲಿ ತಳ ಹಿಡಿದು ಕೂತಿರಬಹುದು. ರಾಯಚೂರಿನಲ್ಲಿ ತೇಲಿದ ತತ್ತಿ ಒಡೆದರೆ ವಾಸನೆಯಿಲ್ಲದೆ ಬರೀ ನೀರು ನೀರಾಗಿರುವುದೂ ಉಂಟು.

ಫ್ರಿಜ್ಜಿನದು ಮೂರನೆಯ ಕತೆ. 5 ಡಿಗ್ರಿ ತಂಪಿನಲ್ಲಿ ನೀರು ಆರುವ ವೇಗ ಹೆಚ್ಚುಕಡಿಮೆ ಮಂಗಳೂರಿನ ಮಳೆಗಾಲದಷ್ಟೇ. ತಿಂಗಳು ಕಳೆದ ಮೇಲೆ ಎರಡನ್ನೂ ನೀರಿಗೆ ಬಿಟ್ಟರೆ ಎರಡೂ ಒಂದೇ ಭಂಗಿಯಲ್ಲಿ ಕೂರುತ್ತವೆ. ಒಂದು ತಿನ್ನುವ ಹಾಗಿರುತ್ತದೆ, ಇನ್ನೊಂದನ್ನು ನಾನಂತೂ ನಂಬುವುದಿಲ್ಲ. ಫ್ರಿಜ್ಜಿನಲ್ಲಿಟ್ಟ ಮೊಟ್ಟೆಯನ್ನು ಮೂರರಿಂದ ಐದು ವಾರದೊಳಗೆ ಬಳಸಿ ಎಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಆ ಅವಧಿಯಲ್ಲಿ ಮೊಟ್ಟೆ ಸಾಮಾನ್ಯವಾಗಿ ಎದ್ದು ನಿಂತರೂ ತೇಲುವುದಿಲ್ಲ. ‘ಒಂದು ವಾರಕ್ಕೆ ಓರೆ, ಮೂರು ವಾರಕ್ಕೆ ನೆಟ್ಟಗೆ’ ಎಂದು ದಿನ ಲೆಕ್ಕ ಹಾಕಿಕೊಡುವ ಪಟ್ಟಿಗಳನ್ನು ಯಾವ ಊರಿಗೆ, ಯಾವ ಕಾಲಕ್ಕೆ ಎಂದು ಕೇಳದೆ ನಂಬಬಾರದು.

ಊರಿನ ಹವೆಯಲ್ಲದೆ ಮೊಟ್ಟೆಯೇ ಪರೀಕ್ಷೆಗೆ ಮೋಸ ಮಾಡುವ ಸಂದರ್ಭಗಳೂ ಇವೆ. ಚಿಪ್ಪಿಗೆ ಎಣ್ಣೆ ಸವರಿದರೆ ರಂಧ್ರ ಮುಚ್ಚುತ್ತದೆ, ನೀರು ಆರುವುದಿಲ್ಲ. ಸುಣ್ಣದ ತಿಳಿನೀರಿನಲ್ಲಿ ಅದ್ದಿಟ್ಟರೂ ಅಷ್ಟೇ, ಸುಣ್ಣ ರಂಧ್ರಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ಫ್ರಿಜ್ ಇಲ್ಲದ ಕಾಲದಲ್ಲಿ ಮೊಟ್ಟೆ ಕಾಪಿಡಲು ಬಳಸುತ್ತಿದ್ದ ವಿಧಾನಗಳಿವು. ಇಂಥ ಮೊಟ್ಟೆ ಬಹಳ ಹಳೆಯದಾದರೂ ತಳದಲ್ಲಿ ಮಲಗಿ ಹೊಸದರಂತೆ ನಟಿಸುತ್ತದೆ. ಇದಕ್ಕೆ ತದ್ವಿರುದ್ಧವಾದದ್ದು ತೆಳು ಚಿಪ್ಪಿನ ಮೊಟ್ಟೆ. ಮೊಟ್ಟೆಯ ಒಳಗಿನ ಪದಾರ್ಥಕ್ಕಿಂತ ಚಿಪ್ಪು ತುಂಬ ಭಾರ. ವಯಸ್ಸಾದ ಕೋಳಿ ದೊಡ್ಡ ಮೊಟ್ಟೆ ಇಡುತ್ತದೆ, ಆದರೆ ಚಿಪ್ಪು ತೆಳುವಾಗುತ್ತದೆ. ಆ ಮೊಟ್ಟೆ ಇಟ್ಟ ದಿನವೇ ಸ್ವಲ್ಪ ಹಗುರ, ಹಾಗಾಗಿ ಬೇಗ ತೇಲುತ್ತದೆ. ಕೋಳಿ ವಿಜ್ಞಾನದವರು ಈ ಗುಣವನ್ನೇ ಹಿಡಿದು, ಬೇರೆ ಬೇರೆ ಹದದ ಉಪ್ಪುನೀರಿನ ಬಕೆಟ್ಟುಗಳಲ್ಲಿ ಅದೇ ದಿನದ ಮೊಟ್ಟೆಗಳನ್ನು ಅದ್ದಿ, ಯಾವ ಬಕೆಟ್ಟಿನಲ್ಲಿ ತೇಲಿತು ಎಂಬುದರಿಂದ ಚಿಪ್ಪಿನ ದಪ್ಪ ಅಳೆಯುತ್ತಾರೆ. ಉಪ್ಪು ಹೆಚ್ಚಾದರೆ ಎಂಥ ಹೊಸ ಮೊಟ್ಟೆಯೂ ತೇಲುತ್ತದೆ. ಮನೆಯ ಪರೀಕ್ಷೆಗೆ ಉಪ್ಪು ಬೇಡ ಎಂದದ್ದು ಅದಕ್ಕೇ.

ನಾಟಿ ಕೋಳಿ ಸಾಕಿದವರ ಮನೆಯ ಸಮಸ್ಯೆ ಇನ್ನೂ ಬೇರೆ. ಹುಲ್ಲಿನ ಮೆದೆಯ ಮೂಲೆಯಲ್ಲಿ ಕದ್ದು ಇಟ್ಟ ಮೊಟ್ಟೆಗಳು ಸಿಕ್ಕಾಗ ಕೆಲವು ತೇಲುತ್ತವೆ. ಕೋಳಿ ಕಾವು ಕೂತಿದ್ದರೆ ಒಳಗೆ ಮರಿ ಬೆಳೆಯುತ್ತಿರಬಹುದು. ಹ್ಯಾಚರಿಯವರು ಹೇಳುವ ಶೇಕಡಾ 12ರ ಲೆಕ್ಕ ನೆನಪಿಸಿಕೊಳ್ಳಿ, ಮರಿಯೊಡೆಯುವ ಹೊತ್ತಿಗೆ ಜೀವಂತ ಮೊಟ್ಟೆಯೂ ತೇಲಲೇಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಬಿಟ್ಟು, ತೇಲುವ ಮೊಟ್ಟೆ ತಾನಾಗಿ ಅಲುಗಿದರೆ ಮರಿ ಬದುಕಿದೆ ಎಂದು ತಿಳಿಯುವ ಪದ್ಧತಿ ಕೋಳಿ ಸಾಕುವವರಲ್ಲಿದೆ. ಇಂಥ ಮೊಟ್ಟೆಯನ್ನು ಆಮ್ಲೆಟ್ಟಿಗೆ ಒಡೆಯುವ ಮೊದಲು ಬೆಳಕಿಗೆ ಹಿಡಿದು ನೋಡುವುದು ಮರಿಗೂ ಒಳ್ಳೆಯದು, ನಿಮ್ಮ ಬೆಳಗಿನ ತಿಂಡಿಗೂ ಒಳ್ಳೆಯದು.

ಬೆಳಕಿಗೆ ಹಿಡಿದು ನೋಡುವುದು ನನ್ನ ಮಟ್ಟಿಗೆ ನೀರಿನ ಪರೀಕ್ಷೆಗಿಂತ ಒಂದು ತೂಕ ಹೆಚ್ಚು. ಮೊದಲು ಮೇಣದಬತ್ತಿಯ ಮುಂದೆ ಹಿಡಿಯುತ್ತಿದ್ದರು, ಈಗ ಮೊಬೈಲಿನ ಟಾರ್ಚ್ ಸಾಕು. ಕೋಣೆ ಕತ್ತಲೆಯಿರಬೇಕು. ಟಾರ್ಚಿನ ಸುತ್ತ ಹೆಬ್ಬೆರಳು ತೋರುಬೆರಳಿನಿಂದ ಉಂಗುರ ಮಾಡಿ, ಪಕ್ಕಕ್ಕೆ ಬೆಳಕು ಸೋರದಂತೆ ಅದರ ಮೇಲೆ ಮೊಟ್ಟೆಯ ದಪ್ಪ ತುದಿಯನ್ನು ಕೂರಿಸಿ. ಚಿಪ್ಪು ಕಿತ್ತಳೆ ಬಣ್ಣಕ್ಕೆ ಬೆಳಗುತ್ತದೆ. ತುದಿಯಲ್ಲಿ ಗಾಳಿಕೋಶದ ಅಂಚು ಒಂದು ಗೆರೆಯಾಗಿ ಸ್ಪಷ್ಟ ಕಾಣುತ್ತದೆ. ಬೇಕಿದ್ದರೆ ಪೆನ್ಸಿಲಿನಿಂದ ಚಿಪ್ಪಿನ ಮೇಲೆ ಗೆರೆ ಎಳೆದು ಆಳ ಅಳೆಯಬಹುದು. ನಮ್ಮ ಅಗ್‌ಮಾರ್ಕ್ ನಿಯಮದಲ್ಲಿ ‘ಎ’ ದರ್ಜೆಯ ಮೊಟ್ಟೆಯ ಗಾಳಿಕೋಶ 4 ಮಿಲಿಮೀಟರ್ ಮೀರಬಾರದು, ‘ಬಿ’ ದರ್ಜೆಗೆ 8 ಮಿಲಿಮೀಟರ್ ತನಕ ಅವಕಾಶವಿದೆ. ಬಿಳಿ ಮೊಟ್ಟೆಯಲ್ಲಿ ಇದು ಸುಲಭ, ಕಂದು ಚಿಪ್ಪಿನ ನಾಟಿ ಮೊಟ್ಟೆಯಲ್ಲಿ ಸ್ವಲ್ಪ ಕಣ್ಣು ಕಿರಿದು ಮಾಡಬೇಕು.

ಹಾಗೆ ಹಿಡಿದಿರುವಾಗಲೇ ಮಣಿಕಟ್ಟನ್ನು ಮೆಲ್ಲಗೆ ತಿರುಗಿಸಿ. ಹೊಸ ಮೊಟ್ಟೆಯ ಹಳದಿ ಮಸುಕು ನೆರಳಾಗಿ ನಡುವೆಯೇ ನಿಲ್ಲುತ್ತದೆ, ಕೈ ತಿರುಗಿದಷ್ಟು ಅದು ತಿರುಗುವುದಿಲ್ಲ. ಗಟ್ಟಿ ಲೋಳೆ ಅದನ್ನು ಸುತ್ತಲಿಂದ ಹಿಡಿದಿರುತ್ತದೆ. ಹಳೆಯದಾದಂತೆ ಲೋಳೆ ತೆಳುವಾಗಿ ಹಳದಿ ಚಿಪ್ಪಿನ ಹತ್ತಿರ ತೇಲಿ ಬರುತ್ತದೆ, ಕೈ ಅಲುಗಿಸಿದರೆ ಓಡಾಡುತ್ತದೆ. ಇಲ್ಲಿಯವರೆಗೆ ವಯಸ್ಸಿನ ಮಾತು. ಬೆಳಕು ಹಾಯದೆ ಒಳಗೆಲ್ಲ ಕಪ್ಪಗೆ ಕಂಡರೆ, ಅಥವಾ ಚಿಪ್ಪಿನ ಒಳಗೋಡೆಗೆ ಕಪ್ಪು ಮಚ್ಚೆಗಳು ಅಂಟಿದ್ದರೆ ಅದು ಕೊಳೆತದ್ದು ಅಥವಾ ಬೂಷ್ಟು ಹಿಡಿದದ್ದು. ಕೆಂಪು ನರಗಳ ಜಾಲ ಕಂಡರೆ ಮರಿ ಮೊಳೆತದ್ದು. ಇದನ್ನು ನೀರಿನ ಪಾತ್ರೆ ಎಂದೂ ತೋರಿಸಲಾರದು.

ಕೊನೆಯ ತೀರ್ಪು ಒಡೆದ ಮೇಲೆಯೇ. ಮೊಟ್ಟೆಯನ್ನು ನೇರ ಬಾಣಲೆಗೋ ಕೇಕಿನ ಹಿಟ್ಟಿಗೋ ಒಡೆಯದೆ ಪ್ರತಿಯೊಂದನ್ನೂ ಬೇರೆ ಬಟ್ಟಲಿಗೆ ಒಡೆದು ಆಮೇಲೆ ಸೇರಿಸುವವರ ಅಡುಗೆಮನೆಗೆ ಬೇರೆ ಪರೀಕ್ಷೆ ಅಷ್ಟಾಗಿ ಬೇಕಿಲ್ಲ. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡ್ ಅನಿಲದ್ದು, ಮನುಷ್ಯನ ಮೂಗು ಅದನ್ನು ಅತಿ ಸ್ವಲ್ಪ ಇದ್ದರೂ ಹಿಡಿಯುತ್ತದೆ. ವಾಸನೆ ಬಂದರೆ, ಲೋಳೆ ಹಸಿರು ಇಲ್ಲವೇ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಎಸೆಯಿರಿ. ಬೇಯಿಸಿದರೆ ಸರಿಹೋಗುತ್ತದೆ ಎಂಬ ಲೆಕ್ಕ ಬೇಡ.

ವಾಸನೆ ಇಲ್ಲದಿದ್ದರೂ ಎಷ್ಟು ಹೊಸದು ಎಂದು ತಿಳಿಯಬೇಕಾದರೆ ಚಪ್ಪಟೆ ತಟ್ಟೆಗೆ ಒಡೆದು ಪಕ್ಕದಿಂದ ನೋಡಿ. ಹೊಸ ಮೊಟ್ಟೆಯ ಹಳದಿ ಉಬ್ಬಿ ಗುಮ್ಮಟದಂತೆ ನಿಲ್ಲುತ್ತದೆ. ಅದರ ಸುತ್ತ ಗಟ್ಟಿ ಲೋಳೆ ದಿಬ್ಬವಾಗಿರುತ್ತದೆ, ಅದರಾಚೆ ತೆಳು ಲೋಳೆ ಸ್ವಲ್ಪ ಹರಿದಿರುತ್ತದೆ. ಹಳೆಯದಾದರೆ ದಿಬ್ಬ ಕರಗಿ ತಟ್ಟೆಯ ತುಂಬ ನೀರಾಗಿ ಹರಡುತ್ತದೆ, ಹಳದಿ ಚಪ್ಪಟೆಯಾಗಿ ಮುಟ್ಟಿದರೆ ಒಡೆಯುತ್ತದೆ. ನೀರಾವಿಯ ಜೊತೆ ಇಂಗಾಲದ ಡೈಆಕ್ಸೈಡ್ ಕೂಡ ರಂಧ್ರಗಳಿಂದ ಹೊರಟುಹೋಗುವುದು ಇದಕ್ಕೆ ಮೂಲ. ಅದು ಹೋದಂತೆ ಲೋಳೆ ಹೆಚ್ಚು ಕ್ಷಾರೀಯವಾಗುತ್ತದೆ, ಗಟ್ಟಿ ಲೋಳೆಯ ಹೆಣಿಗೆ ಸಡಿಲವಾಗುತ್ತದೆ, ಲೋಳೆಯ ನೀರು ಹಳದಿಗೆ ನುಗ್ಗಿ ಅದರ ಪೊರೆಯನ್ನು ಸಡಿಲಿಸುತ್ತದೆ. ರೇಮಂಡ್ ಹಾ ಎಂಬವರು 1937ರಲ್ಲಿ ಈ ಗಟ್ಟಿ ಲೋಳೆಯ ಎತ್ತರವನ್ನು ಮೊಟ್ಟೆಯ ತೂಕದೊಂದಿಗೆ ಹೊಂದಿಸಿ ಒಂದು ಅಳತೆ ಮಾಡಿಕೊಟ್ಟರು. ಮೊಟ್ಟೆ ಉದ್ಯಮ ಇಂದಿಗೂ ಗುಣಮಟ್ಟ ಅಳೆಯುವುದು ‘ಹಾ ಯೂನಿಟ್’ ಎಂಬ ಅದೇ ಲೆಕ್ಕದಲ್ಲಿ. ಅವರಿಗೆ ಎತ್ತರ ಅಳೆಯಲು ಮೂರು ಕಾಲಿನ ಪುಟ್ಟ ಉಪಕರಣವಿದೆ, ನಮಗೆ ಕಣ್ಣಳತೆ ಸಾಕು.

ಈ ಮೂರೂ ಪರೀಕ್ಷೆ ಒಟ್ಟಿಗೆ ಹೇಗೆ ಕೆಲಸ ಮಾಡುತ್ತವೆ ಎಂದು ನೋಡೋಣ. ಮನೆಯಲ್ಲಿ ಹೊರಗೇ ಇಟ್ಟ ಟ್ರೇಯಲ್ಲಿ ಯಾವತ್ತು ತಂದದ್ದೋ ನೆನಪಿಲ್ಲದ ಮೂರು ಮೊಟ್ಟೆ ಉಳಿದಿವೆ ಎಂದಿಟ್ಟುಕೊಳ್ಳಿ. ನೀರಿಗೆ ಬಿಟ್ಟಾಗ ಮೊದಲನೆಯದು ದಪ್ಪ ತುದಿಯನ್ನು ಸ್ವಲ್ಪ ಎತ್ತಿ ಮಲಗಿತು. ಟಾರ್ಚಿಗೆ ಹಿಡಿದರೆ ಕೋಶ 5 ಮಿಲಿಮೀಟರ್, ಒಳಗೆ ಎಲ್ಲ ತಿಳಿ. ಒಡೆದಾಗ ಹಳದಿ ಉಬ್ಬಿಯೇ ಇದೆ. ಬುಲ್ಸ್ ಐ ಮಾಡಲು ತೊಂದರೆಯಿಲ್ಲ. ಎರಡನೆಯದು ನೆಟ್ಟಗೆ ನಿಂತಿತು. ಟಾರ್ಚಿನಲ್ಲಿ ಕೋಶ ದೊಡ್ಡದಾಗಿದೆ, ಹಳದಿ ಅತ್ತಿತ್ತ ಓಡುತ್ತದೆ, ಆದರೆ ಮಚ್ಚೆಯಿಲ್ಲ. ಬಟ್ಟಲಿಗೆ ಒಡೆದರೆ ಲೋಳೆ ಹರಡಿದೆ, ವಾಸನೆಯಿಲ್ಲ. ಬುರ್ಜಿಗೆ ಹಾಕಿ ಚೆನ್ನಾಗಿ ಹುರಿಯಿರಿ. ಮೂರನೆಯದು ತೇಲಿತು. ಇದನ್ನು ಒಡೆಯುವ ಮೊದಲು ಬೆಳಕಿಗೆ ಹಿಡಿಯಿರಿ, ಕಪ್ಪಗಿದ್ದರೆ ಒಡೆಯುವ ಸಾಹಸ ಬೇಡ. ಒಳಗೆ ಗ್ಯಾಸ್ ಕಟ್ಟಿಕೊಂಡ ಮೊಟ್ಟೆ ಕೈಯಲ್ಲೇ ಸಿಡಿದರೆ ಅಡುಗೆಮನೆ ಎರಡು ದಿನ ನಾರುತ್ತದೆ. ತಿಳಿಯಾಗಿದ್ದರೆ? ಅದು ಬರೀ ಆರಿದ ಮೊಟ್ಟೆಯೇ ಇರಬಹುದು. ಫ್ರಿಜ್ಜಿನಲ್ಲಿದ್ದದ್ದಾದರೆ ಬಟ್ಟಲಿಗೆ ಒಡೆದು ಮೂಗಿನ ಮಾತು ಕೇಳಬಹುದು. ಹೊರಗಿದ್ದದ್ದಾದರೆ ಆರೇಳು ರೂಪಾಯಿಗೆ ಅಷ್ಟು ತನಿಖೆ ನಡೆಸುವುದರಲ್ಲಿ ಅರ್ಥವಿಲ್ಲ, ತಿಪ್ಪೆಗೆ ಹಾಕಿ.

ಜನ ನಂಬುವ ಇನ್ನು ಕೆಲವು ಗುರುತುಗಳಲ್ಲಿ ಹುರುಳಿಲ್ಲ. ಕಿವಿಯ ಹತ್ತಿರ ಹಿಡಿದು ಅಲುಗಿಸಿದಾಗ ಕುಲುಕುವ ಸದ್ದು ಬಂದರೆ ಮೊಟ್ಟೆ ಬಹಳ ಹಳೆಯದು ಎನ್ನುವುದು ನಿಜ, ಆದರೆ ಸದ್ದು ಬಾರದ ಮಾತ್ರಕ್ಕೆ ಹೊಸದಲ್ಲ, ಜೋರಾಗಿ ಅಲುಗಿಸಿದರೆ ಒಳ್ಳೆಯ ಮೊಟ್ಟೆಯೂ ಕದಡುತ್ತದೆ. ಹಳದಿಯ ಗಾಢ ಬಣ್ಣ ಕೋಳಿ ತಿಂದ ಮೆಕ್ಕೆಜೋಳ, ಹಸಿರು ಸೊಪ್ಪಿನದು, ತಾಜಾತನದ್ದಲ್ಲ. ಹಳದಿಯ ಮೇಲಿನ ರಕ್ತದ ಚುಕ್ಕೆ ಕೋಳಿಯ ಹೊಟ್ಟೆಯಲ್ಲಿ ಸಣ್ಣ ನರವೊಂದು ಒಡೆದದ್ದರಿಂದ ಬಂದದ್ದು. ಹಳದಿಗೆ ಅಂಟಿದ ಬಿಳಿ ಹುರಿಯನ್ನು ಮರಿಯ ಮೊಳಕೆ ಎಂದು ಕಿತ್ತು ಎಸೆಯುವವರಿದ್ದಾರೆ. ಅದು ಹಳದಿಯನ್ನು ನಡುವೆ ಹಿಡಿದಿಡುವ ಹಗ್ಗ, ಎದ್ದು ಕಂಡಷ್ಟೂ ಮೊಟ್ಟೆ ಹೊಸದು. ಲೋಳೆ ಸ್ವಲ್ಪ ಮಂಜಾಗಿ ಕಂಡರೂ ಹೆದರಬೇಡಿ, ಇಂಗಾಲದ ಡೈಆಕ್ಸೈಡ್ ಇನ್ನೂ ಹೊರಟಿಲ್ಲ ಎಂಬುದರ ಗುರುತು ಅದು. ‘ಪ್ಲಾಸ್ಟಿಕ್ ಮೊಟ್ಟೆ’ಯ ವದಂತಿಯೂ ಆಗಾಗ ಏಳುತ್ತದೆ. ಹಾಗೊಂದು ಮೊಟ್ಟೆ ಇಲ್ಲ ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ. ನೀರಾದ ಲೋಳೆ, ಆರಿ ಹಾಳೆಯಂತಾದ ಒಳಪೊರೆ ನೋಡಿ ಜನ ಗಾಬರಿಯಾಗಿರುತ್ತಾರೆ. ಅದು ಹಳೆಯ ಮೊಟ್ಟೆ, ಅಷ್ಟೇ.

ಯಾವ ಮನೆಯ ಪರೀಕ್ಷೆಗೂ ಸಿಗದ ಒಂದು ಅಪಾಯ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ. ಅದಿದ್ದರೆ ಮೊಟ್ಟೆ ತೇಲುವುದಿಲ್ಲ, ನಾರುವುದಿಲ್ಲ, ಬಣ್ಣ ಕೆಡುವುದಿಲ್ಲ. ನಿನ್ನೆ ಇಟ್ಟ ಮೊಟ್ಟೆಯಲ್ಲೂ ಇರಬಹುದು. ಹಳದಿ ಬಿಳಿ ಎರಡೂ ಗಟ್ಟಿಯಾಗುವವರೆಗೆ ಬೇಯಿಸಿದರೆ ಸಾಯುತ್ತದೆ. ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರು ಇರುವ ಮನೆಯಲ್ಲಿ ಆಫ್ ಬಾಯ್ಲ್, ಹಸಿ ಮೊಟ್ಟೆ ಬೆರೆಸಿದ ಹಾಲು ಬೇಡ ಎನ್ನುವುದು ಇದರಿಂದಾಗಿ.

ಪರೀಕ್ಷೆ ಮಾಡಿದ ಮೊಟ್ಟೆಯನ್ನು ಒದ್ದೆಯಾಗಿಯೇ ಟ್ರೇಗೆ ವಾಪಸ್ಸು ಇಡುವ ಅಭ್ಯಾಸ ಮಾತ್ರ ಬಿಡಬೇಕು. ಚಿಪ್ಪಿನ ಮೇಲೆ ಕೋಳಿಯ ಮೈಯಿಂದಲೇ ಬಂದ ತೆಳುವಾದ ಲೇಪವೊಂದಿದೆ, ರಂಧ್ರಗಳ ಬಾಯಿ ಮುಚ್ಚಿ ಕಾಯುವುದು ಅದೇ. ನೀರಿನಲ್ಲಿ ತಿಕ್ಕಿದರೆ ಅದು ಹೋಗುತ್ತದೆ. ತಣ್ಣೀರಿನಲ್ಲಿ ಅದ್ದಿದರಂತೂ ಒಳಗಿನ ದ್ರವ ಕುಗ್ಗಿ, ಹೊರಗಿನ ಕೊಳೆನೀರನ್ನು ರಂಧ್ರಗಳ ಮೂಲಕ ಒಳಕ್ಕೆ ಎಳೆದುಕೊಳ್ಳಬಹುದು. ಇಡೀ ಟ್ರೇಯನ್ನು ತಂದ ದಿನವೇ ಬಕೆಟ್ಟಿಗೆ ಸುರಿದು ಪರೀಕ್ಷಿಸಬೇಡಿ, ಅಡುಗೆಗೆ ಬೇಕಾದಷ್ಟನ್ನೇ ಬಿಟ್ಟು ನೋಡಿ. ಉಳಿದವನ್ನು ದಪ್ಪ ತುದಿ ಮೇಲೆ ಮಾಡಿ ಜೋಡಿಸಿ, ಟ್ರೇಯ ಅಂಚಿನಲ್ಲಿ ತಂದ ದಿನಾಂಕವನ್ನು ಪೆನ್ಸಿಲಿನಿಂದ ಬರೆದಿಡಿ. ಫ್ರಿಜ್ಜಿನಿಂದ ತೆಗೆದ ಮೊಟ್ಟೆ ಹೊರಗೆ ಬೆವತರೆ ಅದನ್ನೂ ಒದ್ದೆ ಮೊಟ್ಟೆಯೆಂದೇ ಎಣಿಸಿ, ತಿರುಗಿ ಒಳಗಿಡದೆ ಅದೇ ದಿನ ಬಳಸಿ.

ಇನ್ನು ಮೊಟ್ಟೆ ಸಾರಿಗೆ ಬೇಯಿಸುವವರು ತೀರಾ ಹೊಸ ಮೊಟ್ಟೆಗೆ ಹಟ ಹಿಡಿಯಬೇಕಾಗಿಲ್ಲ. ಹೊಸದರಲ್ಲಿ ಲೋಳೆಯ ಕ್ಷಾರ ಇನ್ನೂ ಕಡಿಮೆ, ಬೆಂದ ಬಿಳಿ ಒಳಪೊರೆಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಸಿಪ್ಪೆಯ ಜೊತೆ ಅರ್ಧ ಮೊಟ್ಟೆ ಕಿತ್ತು ಬರುತ್ತದೆ. ನೀರಿನಲ್ಲಿ ದಪ್ಪ ತುದಿ ಎತ್ತಿ ಓರೆಯಾಗಿ ಕೂತ ಮೊಟ್ಟೆ ಇದಕ್ಕೆ ಸರಿ, ಸಿಪ್ಪೆ ಜಾರಿ ಬರುತ್ತದೆ. ಸುಲಿದಾಗ ತುದಿಯ ಚಪ್ಪಟೆ ಗುಳಿ ದೊಡ್ಡದಾಗಿದ್ದಷ್ಟೂ ಮೊಟ್ಟೆಗೆ ವಯಸ್ಸಾಗಿತ್ತು ಎಂದು ತಿಳಿಯಬಹುದು. ಹಳದಿಯ ಸುತ್ತ ಹಸಿರುಗಪ್ಪು ಬಳೆ ಕಂಡರೆ ಮಾತ್ರ ಅಂಗಡಿಯವರನ್ನು ದೂರಬೇಡಿ. ಅದು ಹಳದಿಯ ಕಬ್ಬಿಣ ಮತ್ತು ಬಿಳಿಯ ಗಂಧಕ ಸೇರಿ ಆದ ಬಣ್ಣ, ಮೊಟ್ಟೆ ಒಲೆಯ ಮೇಲೆ ಹತ್ತು ನಿಮಿಷ ಹೆಚ್ಚು ಕುದಿದಿದೆ.